ಸೈಟು ಮಾರಿದ್ದು 40 ಲಕ್ಷಕ್ಕೆ, ತೆರಿಗೆ ಲೆಕ್ಕ 46 ಲಕ್ಷಕ್ಕೆ

ದಾವಣಗೆರೆಯಲ್ಲಿ ಸೈಟು ಮಾರುವವರು ದಯವಿಟ್ಟು ಇದನ್ನು ಓದಿ. ನಮ್ಮ ಪಕ್ಕದ ಮನೆಯವರು ರಾಜಕಾಲುವೆ ಪಕ್ಕದ ಸೈಟನ್ನು 40 ಲಕ್ಷಕ್ಕೆ ಕೊಟ್ಟರು. ಸರ್ಕಾರದ ಮಾರ್ಗಸೂಚಿ ಬೆಲೆ 46 ಲಕ್ಷ ಇತ್ತು. ವ್ಯತ್ಯಾಸ ಶೇ. 10ರ ಒಳಗಿದ್ದರೆ, ಅಂದ್ರೆ 44 ಲಕ್ಷದವರೆಗೆ, ಚಿಂತೆಯಿಲ್ಲ. ಅದು ದಾಟಿತು. ಹಾಗಾಗಿ ಲಾಭದ ಲೆಕ್ಕಕ್ಕೆ ಪೂರ್ತಿ 46 ಲಕ್ಷವನ್ನೇ ಹಿಡಿಯುತ್ತಾರೆ, 44ರ ಮೇಲಿನ 2 ಲಕ್ಷವನ್ನಷ್ಟೇ ಅಲ್ಲ. ಕೈಗೆ ಬಾರದ 6 ಲಕ್ಷಕ್ಕೂ ತೆರಿಗೆ, ಬೇಜಾರಾಗಲ್ವಾ? ಕೊಂಡವರಿಗೂ ಆ 6 ಲಕ್ಷ ಆದಾಯವೆಂದೇ ಲೆಕ್ಕ.

ಇದಕ್ಕೆ ದಾರಿಯಿದೆ. ಕಾಲುವೆ ಪಕ್ಕ, ಓರೆ ಆಕಾರ, ದಾರಿ ಇಕ್ಕಟ್ಟು, ಹೀಗೆ ಬೆಲೆ ಇಳಿಸುವ ಕಾರಣಗಳನ್ನು ಫೋಟೋ ಸಮೇತ ಇಟ್ಟುಕೊಳ್ಳಿ. ತೆರಿಗೆ ಅಧಿಕಾರಿ ಕೇಳಿದಾಗ, ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಕಳಿಸಿ ಎಂದು ಬರೆದುಕೊಡಿ. ಅವರು ಕಟ್ಟಿದ ಬೆಲೆ ಮಾರ್ಗಸೂಚಿಗಿಂತ ಕಡಿಮೆಯಾದರೆ ಅದನ್ನೇ ಹಿಡಿಯುತ್ತಾರೆ. ಜಾಸ್ತಿಯಾದರೂ ನಷ್ಟವಿಲ್ಲ, ಲೆಕ್ಕ 46ರಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು. ಕರಾರು ಮಾಡಿಕೊಂಡ ಮೇಲೆ ಮಾರ್ಗಸೂಚಿ ಬೆಲೆ ಏರಿದರೆ, ಕರಾರಿನ ದಿನದ ಬೆಲೆಯನ್ನೇ ಕೇಳಬಹುದು. ಆದರೆ ಮುಂಗಡ ಅಂದೇ ಅಥವಾ ಅದಕ್ಕೂ ಮೊದಲೇ ಬ್ಯಾಂಕಿನ ಮೂಲಕ ಬಂದಿರಬೇಕು. ನಗದು ತಗೊಂಡಿದ್ದರೆ ಈ ಅವಕಾಶ ಸಿಗುವುದಿಲ್ಲ.