ಹಡಗು ಕಾಯುವುದಿಲ್ಲ, ಒಂದು ದಿನ ಮೊದಲೇ ಹೊರಡಿ

ಕೊಪ್ಪಳದ ಒಂದು ಕುಟುಂಬ ಮುಂಬೈಯಿಂದ ಕ್ರೂಸ್ ಹೊರಟಿದೆ ಎಂದುಕೊಳ್ಳಿ. ಶುಕ್ರವಾರ ಸಂಜೆ 5ಕ್ಕೆ ಹಡಗು. ಹುಬ್ಬಳ್ಳಿಯಿಂದ ಅದೇ ಬೆಳಿಗ್ಗೆ ವಿಮಾನ ಹತ್ತಿದರೆ ಆಯ್ತು, ಹೋಟೆಲ್ ದುಡ್ಡು ಉಳೀತು ಅನ್ನಿಸುತ್ತೆ ಅಲ್ವಾ? ಲೆಕ್ಕ ತಪ್ಪುವುದು ಇಲ್ಲೇ.

ಮೊದಲು ಕ್ರೂಸ್ ಟಿಕೆಟ್ ತೆಗೆದು ನೋಡಿ. ಹಡಗು ಹೊರಡುವ ಸಮಯ ಬಿಡಿ, ಚೆಕ್-ಇನ್ ಮುಚ್ಚುವ ಸಮಯ ಹುಡುಕಿ. ನಮ್ಮ ಕುಟುಂಬದ ಟಿಕೆಟ್‌ನಲ್ಲಿ ಅದು 3 ಗಂಟೆ. ಅಲ್ಲಿಂದ ಹಿಂದಕ್ಕೆ ಎಣಿಸಿ. ಬಂದರು ಇರುವುದು ದಕ್ಷಿಣ ಮುಂಬೈಯ ಬಲ್ಲಾರ್ಡ್ ಪಿಯರ್‌ನಲ್ಲಿ. ವಿಮಾನ ನಿಲ್ದಾಣದಿಂದ ಅಲ್ಲಿಗೆ ಟ್ರಾಫಿಕ್ ಇದ್ದರೆ ಒಂದೂವರೆ ತಾಸು ಇಡಿ. ಲಗೇಜ್ ಬರಲು ಇನ್ನೊಂದು ತಾಸು. 10ಕ್ಕೆ ಇಳಿದರೂ ಸಾಕು ಎಂದು ಕಾಣುತ್ತದೆ. ವಿಮಾನ ಎರಡು ತಾಸು ತಡವಾದರೂ ನಡೆದೀತು. ಆದರೆ ರದ್ದಾದರೆ? ಹುಬ್ಬಳ್ಳಿಯಂಥ ಊರಿಂದ ವಿಮಾನಗಳೇ ಕಡಿಮೆ. ಮುಂದಿನದು ಮರುದಿನವೇ ಇರಬಹುದು, ಅಷ್ಟರಲ್ಲಿ ಹಡಗು ಸಮುದ್ರದಲ್ಲಿ. ವಿಮಾನದವರು ತಮ್ಮ ಟಿಕೆಟ್ ದುಡ್ಡು ವಾಪಸ್ ಕೊಟ್ಟಾರು, ಕ್ರೂಸ್ ದುಡ್ಡನ್ನಲ್ಲ.

ಹಾಗಾಗಿ ಗುರುವಾರವೇ ಹೊರಡಿ. ಅದೂ ರಾತ್ರಿಯ ಕೊನೆಯ ವಿಮಾನ ಬೇಡ, ಮಧ್ಯಾಹ್ನದ್ದು ಸಿಕ್ಕರೆ ಹಿಡಿಯಿರಿ. ಕಾರಣ ಇದೆ. ಮಧ್ಯಾಹ್ನ ರದ್ದಾದರೆ ಸಂಜೆ ಹುಬ್ಬಳ್ಳಿಯಿಂದ ಸ್ಲೀಪರ್ ಬಸ್ ಹತ್ತಿ ಶುಕ್ರವಾರ ಬೆಳಿಗ್ಗೆ ಮುಂಬೈ ಸೇರಬಹುದು. ರಾತ್ರಿ 9ಕ್ಕೆ ರದ್ದಾದರೆ ಆ ದಾರಿಯೂ ಕಷ್ಟವಾಗುತ್ತದೆ. ಬುಕ್ ಮಾಡುವ ಮುನ್ನ ‘ಇದು ರದ್ದಾದರೆ ಮುಂದೇನು’ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಆ ವಿಮಾನ ಬಿಡಿ. ಮುಂಬೈಯಲ್ಲಿ ಫೋರ್ಟ್ ಭಾಗದಲ್ಲಿ ರೂಮ್ ಹಿಡಿದರೆ ಬೆಳಿಗ್ಗೆ ಬಂದರು ಕೂಗಳತೆ.

ಬಳ್ಳಾರಿ ಕಡೆಯವರು ತೋರಣಗಲ್ಲಿನ ವಿದ್ಯಾನಗರದಿಂದ, ರಾಯಚೂರಿನವರು ಹೈದರಾಬಾದ್‌ನಿಂದ ವಿಮಾನ ನೋಡುತ್ತಾರೆ. ನಡುವೆ ವಿಮಾನ ಬದಲಿಸುವುದಿದ್ದರೆ ಎರಡೂ ಒಂದೇ PNRನಲ್ಲಿ ಇರಲಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹಾಕುವುದು ಕಂಪನಿಯ ಹೊಣೆ. ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ ಎರಡನೆಯ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ, ಅಷ್ಟೇ. ಲಗೇಜನ್ನೂ ಸಾಮಾನ್ಯವಾಗಿ ನೀವೇ ಇಳಿಸಿ ಮತ್ತೆ ಕೊಡಬೇಕು. ಸುಮ್ನೆ ಐನೂರು ರೂಪಾಯಿ ಉಳಿಸಲು ಹೋಗಿ ಈ ಪೇಚಿಗೆ ಸಿಕ್ಕಿಕೊಳ್ಳುವವರೇ ಜಾಸ್ತಿ.

ಹೊರಡುವ ದಿನ ನಿಮ್ಮ ವಿಮಾನದ ಸಮಯದ ಜೊತೆಗೆ, ಅದಕ್ಕೆ ಮುಂಚೆ ಮುಂಬೈಯಿಂದ ಹುಬ್ಬಳ್ಳಿಗೆ ಬರುವ ವಿಮಾನವನ್ನೂ ಆ್ಯಪ್‌ನಲ್ಲಿ ನೋಡಿ. ಬಹಳ ಸಲ ಬಂದ ವಿಮಾನವೇ ಅರ್ಧ ತಾಸಿನಲ್ಲಿ ತಿರುಗಿ ಹೋಗುತ್ತದೆ. ನಿಮ್ಮ ಹೊತ್ತು ಹತ್ತಿರ ಬಂದರೂ ಅದು ಇನ್ನೂ ಮುಂಬೈ ಬಿಟ್ಟಿಲ್ಲ ಎಂದರೆ, ಬೋರ್ಡ್ ಏನೇ ಹೇಳಲಿ, ನಿಮ್ಮದು ತಡ ಆಗುವುದು ಬಹುತೇಕ ಖಾತ್ರಿ.

ವಾಪಸ್ ಬರುವಾಗ ಹಡಗು ಬೆಳಿಗ್ಗೆ ದಡ ಮುಟ್ಟಿದರೂ ಇಳಿಯುವ ಸಾಲು ದೊಡ್ಡದು. ಮಧ್ಯಾಹ್ನ 2ರ ನಂತರದ ವಿಮಾನವನ್ನೇ ತೆಗೆಯಿರಿ.