ಎರಡು ಕಾಲಂ ರೆಸ್ಯೂಮೆಯಲ್ಲಿ ಒಡೆದುಹೋದ ಪದಗಳು

ಕೊಪ್ಪಳದಲ್ಲಿರುವ ನನ್ನ ತಮ್ಮನಿಗೆ ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ ಕೆಲಸದಲ್ಲಿ ಅನುಭವವಿದ್ದರೂ, ಅದನ್ನೇ ಕೇಳಿದ್ದ ಹುದ್ದೆಗೆ ಆನ್‌ಲೈನ್‌ನಲ್ಲಿ ರೆಸ್ಯೂಮೆ ಅಪ್‌ಲೋಡ್ ಮಾಡಿದಾಗ ಅರ್ಜಿಯಲ್ಲಿ ಕೌಶಲಗಳ ಜಾಗ ತಾನಾಗಿ ತುಂಬಿಕೊಳ್ಳದೆ ಖಾಲಿ ಉಳಿಯುತ್ತಿತ್ತು. ಪಿಡಿಎಫ್‌ನ ಬರಹವನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿದಾಗ ಕಾರಣ ಕಂಡಿತು: ಎಡ ಕಾಲಂನಲ್ಲಿ ಎರಡು ಸಾಲಾಗಿ ಮುರಿದಿದ್ದ `PLC Programming`, ಬಲ ಕಾಲಂನ ಸಾಲುಗಳೊಡನೆ ಬೆರೆತು `PLC Maintenance Engineer Programming 2021` ಎಂದಾಗಿತ್ತು. ರೆಸ್ಯೂಮೆ ಓದುವ ತಂತ್ರಾಂಶವು ಕಾಲಂಗಳನ್ನು ಗುರುತಿಸದೆ ಪುಟವನ್ನು ಅಡ್ಡಲಾಗಿ ಓದಿಕೊಂಡು ಹೋದರೆ ಜೋಡಿಪದಗಳು ಹೀಗೆ ಒಡೆಯುತ್ತವೆ.

ವರ್ಡ್‌ನಲ್ಲಿ ಟೆಕ್ಸ್ಟ್ ಬಾಕ್ಸ್‌ಗಳನ್ನು ತೆಗೆದು ಎಲ್ಲವನ್ನೂ ಒಂದೇ ಕಾಲಂಗೆ ತಂದೆವು. ಕೆಲವು ತಂತ್ರಾಂಶಗಳು ಹೆಡರ್ ಭಾಗವನ್ನು ಓದುವುದೇ ಇಲ್ಲವಾದ್ದರಿಂದ ಅಲ್ಲಿದ್ದ ಮೊಬೈಲ್ ಸಂಖ್ಯೆಯನ್ನು ಪುಟದೊಳಗೆ ಇಳಿಸಿದೆವು. ಪ್ರತಿ ಕೌಶಲದ ಮಟ್ಟ ತೋರಿಸಲು ಹಾಕಿದ್ದ ನಕ್ಷತ್ರಗಳ ಸಾಲನ್ನೂ ಕಿತ್ತೆವು, ಅದು ನನಗೆ ಮೊದಲೇ ಹಿಡಿಸಿರಲಿಲ್ಲ. ಮತ್ತೆ ಅಪ್‌ಲೋಡ್ ಮಾಡಿದಾಗ ಆ ಜಾಗ ತುಂಬಿತು. ನೋಟ್‌ಪ್ಯಾಡಿನಲ್ಲಿ ಸರಿಯಾಗಿ ಕಂಡದ್ದನ್ನು ಪ್ರತಿಯೊಂದು ತಂತ್ರಾಂಶವೂ ಸರಿಯಾಗಿ ಓದುತ್ತದೆಂಬ ಖಾತರಿಯಿಲ್ಲದ ಕಾರಣ, ಅರ್ಜಿ ಕಳುಹಿಸುವ ಮುನ್ನ ತುಂಬಿಕೊಂಡ ವಿವರಗಳನ್ನು ಒಮ್ಮೆ ನೋಡಬೇಕು.