ಬುಕಿಂಗ್ ಮೇಲ್‌ನಲ್ಲಿ ‘ಡಿಪಾಸಿಟ್’ ಹೋಗಿ ‘ಅಡ್ವಾನ್ಸ್’ ಬಂದ ಕಥೆ

ಮಡಿಕೇರಿಯಲ್ಲಿ ನಮ್ಮದು ಒಂಬತ್ತು ರೂಮಿನ ಸಣ್ಣ ಲಾಡ್ಜ್. ಬುಕಿಂಗ್ ಆದವರಿಗೆ ಮೊದಲು ನಾನು ಕಳಿಸುತ್ತಿದ್ದ ಮೇಲ್ ಯಾವುದೋ ದೊಡ್ಡ ಹೋಟೆಲಿನದ್ದನ್ನು ನೋಡಿ ಬರೆದದ್ದು. ಮೇಲೆ ನಾಲ್ಕು ಸಾಲು ಸ್ವಾಗತ, ಕೆಳಗೆ ಸಣ್ಣ ಅಕ್ಷರದಲ್ಲಿ ಹದಿನಾಲ್ಕು ನಿಯಮ. ಹೆಚ್ಚಿನವರು ಓದುತ್ತಲೇ ಇರಲಿಲ್ಲ. ಓದಿದವರಿಗೂ ಬೇರೆಯೇ ಅರ್ಥ ಆಗುತ್ತಿತ್ತು.

ಬೆಂಗಳೂರಿನ ರಾತ್ರಿ ಬಸ್ಸು ಬೆಳಗಿನ ಜಾವಕ್ಕೇ ಇಲ್ಲಿ ಇಳಿಸಿಬಿಡುತ್ತದೆ. ಒಂದು ಕುಟುಂಬ ಹಾಗೆ ಬಂದಿಳಿಯಿತು, ಜೊತೆಗೆ ಚಳಿಗೆ ನಡುಗುತ್ತಿದ್ದ ಅಜ್ಜಿ. ರೂಮ್ ಯಾವುದೂ ಖಾಲಿ ಇರಲಿಲ್ಲ. ಮೇಲ್‌ನಲ್ಲಿ ‘ಚೆಕ್-ಇನ್ 12:00’ ಎಂದಷ್ಟೇ ಇತ್ತು. ಅವರು ಅದನ್ನು ರಾತ್ರಿ ಹನ್ನೆರಡು ಎಂದುಕೊಂಡಿದ್ದರು. ತಾರೀಖು ಬದಲಾಗುವುದು ಆಗಲೇ ಅಲ್ವಾ! ಇನ್ನು ಕೆಲವರಿಗೆ 24 ಗಂಟೆ ಲೆಕ್ಕದ ಲಾಡ್ಜ್ ರೂಢಿ. ಬಂದ ಹೊತ್ತಿನಿಂದ ಮರುದಿನ ಅದೇ ಹೊತ್ತಿನವರೆಗೆ ರೂಮ್ ತಮ್ಮದು ಅಂತ ಅವರ ಲೆಕ್ಕ. ಹಾಗಾಗಿ ಈಗ ಚೆಕ್-ಇನ್ ಹೊತ್ತನ್ನು ಮಧ್ಯಾಹ್ನ 1ಕ್ಕೆ ಸರಿಸಿ, ವಾರವನ್ನೂ ಸೇರಿಸಿ, ಮೇಲ್‌ನ ತಲೆಯಲ್ಲೇ ಬರೆಯುತ್ತೇನೆ. ಬೇಗ ಬರುವವರಿಗೆ ಏನು ಸಿಗುತ್ತದೆ ಅನ್ನುವುದೂ ಅದರ ಪಕ್ಕದಲ್ಲೇ.

ಎರಡನೇ ಪಾಠ ದುಡ್ಡಿನದು. ಮುಂಗಡಕ್ಕೆ ನಾನು ‘ಡಿಪಾಸಿಟ್’ ಎಂದು ಬರೆಯುತ್ತಿದ್ದೆ. ಹೊರಡುವ ದಿನ ಒಬ್ಬ ಮೇಡಂ ಬಿಲ್ ಪೂರ್ತಿ ಕಟ್ಟಿ, “ಡಿಪಾಸಿಟ್ ವಾಪಸ್ ಕೊಡಿ” ಎಂದರು. ಬಾಡಿಗೆ ಮನೆಯ ಡಿಪಾಸಿಟ್ ಹಾಗೇ ತಾನೇ ವಾಪಸ್ ಬರುವುದು? ತಪ್ಪು ಅವರದ್ದಲ್ಲ. ಅವತ್ತಿಂದ ‘ಅಡ್ವಾನ್ಸ್’ ಎಂದೇ ಬರೆಯುತ್ತೇನೆ, ಅದು ಬಾಡಿಗೆಯಲ್ಲೇ ಕಳೆಯುತ್ತದೆ ಅನ್ನುವುದನ್ನೂ ಸೇರಿಸುತ್ತೇನೆ.

ಜಾಸ್ತಿ ಜಗಳ ಆದದ್ದು ಕ್ಯಾನ್ಸಲ್ ವಿಷಯದಲ್ಲಿ. ಆಗ ‘48 ಗಂಟೆ ಮೊದಲು ತಿಳಿಸಿದರೆ ಪೂರ್ತಿ ವಾಪಸ್’ ಎಂದಿತ್ತು. ಶುಕ್ರವಾರದ ಬುಕಿಂಗನ್ನು ಒಬ್ಬರು ಬುಧವಾರ ರಾತ್ರಿ ಹನ್ನೊಂದಕ್ಕೆ ರದ್ದು ಮಾಡಿದರು. ನನ್ನ ಪ್ರಕಾರ ಮಧ್ಯಾಹ್ನ ಒಂದಕ್ಕೆ ಬರೀ 38 ಗಂಟೆ ಉಳಿದಿತ್ತು. ಅವರು ಬರಬೇಕಿದ್ದದ್ದು ಶುಕ್ರವಾರ ರಾತ್ರಿ ಹನ್ನೊಂದಕ್ಕೆ. ಅವರ ಲೆಕ್ಕಕ್ಕೆ ಸರಿಯಾಗಿ 48! ಎಲ್ಲಿಂದ ಎಣಿಸಬೇಕು ಅಂತ ನಾನೇ ಬರೆದಿರಲಿಲ್ಲ, ಹಾಗಾಗಿ ದುಡ್ಡು ವಾಪಸ್ ಕೊಟ್ಟೆ. ಈಗ ಅವಧಿಯನ್ನು ಮೂರು ದಿನ ಮಾಡಿದ್ದೇನೆ. ಗಂಟೆಯ ಲೆಕ್ಕ ನಾನೇ ಹಾಕಿ, ಬರೀ ತಾರೀಖು ಮತ್ತು ಹೊತ್ತು ಬರೆಯುತ್ತೇನೆ.

ಒಂದು ಮೇಲ್ ನೋಡಿ. ಎರಡು ರೂಮ್, ಎರಡು ರಾತ್ರಿ, ರೂಮಿಗೆ ದಿನಕ್ಕೆ 2,200 ರೂಪಾಯಿ.

ವಿಷಯ: ಬುಕಿಂಗ್ ಖಚಿತ – ಡಿ. 12 ಶುಕ್ರವಾರದಿಂದ ಡಿ. 14 ಭಾನುವಾರ, 2 ರೂಮ್

ನಮಸ್ಕಾರ. ನಿಮ್ಮ ಅಡ್ವಾನ್ಸ್ ಬಂದಿದೆ, ರೂಮ್ ಖಚಿತ.

ಬರುವುದು: ಶುಕ್ರವಾರ ಮಧ್ಯಾಹ್ನ 1ರ ನಂತರ. ಬೆಳಗ್ಗೆಯೇ ಬಂದರೆ ಲಗೇಜ್ ಇಡಲು ಜಾಗ, ಮುಖ ತೊಳೆಯಲು ಕೆಳಗಿನ ಬಾತ್‌ರೂಮ್ ಇದೆ. ರೂಮ್ ಸಿಗುವುದು ಖಾಲಿಯಾದರೆ ಮಾತ್ರ.
ಹೊರಡುವುದು: ಭಾನುವಾರ ಬೆಳಗ್ಗೆ 11ರೊಳಗೆ.

ಒಟ್ಟು ಬಾಡಿಗೆ ತೆರಿಗೆ ಸೇರಿ ₹8,800. ಬಂದ ಅಡ್ವಾನ್ಸ್ ₹4,400, ಇದು ಬಾಡಿಗೆಯಲ್ಲೇ ಕಳೆಯುತ್ತದೆ. ಬಂದಾಗ ಕೊಡಬೇಕಾದದ್ದು ₹4,400. ಬೇರೆ ಡಿಪಾಸಿಟ್ ಇಲ್ಲ.

ರದ್ದು ಮಾಡುವುದಾದರೆ: ಡಿ. 9 ಮಂಗಳವಾರ ಮಧ್ಯಾಹ್ನ 1ರೊಳಗೆ ತಿಳಿಸಿದರೆ ₹4,400 ಪೂರ್ತಿ ವಾಪಸ್. ಆಮೇಲೆ ಅಡ್ವಾನ್ಸ್ ವಾಪಸ್ ಇಲ್ಲ. ಅದಕ್ಕಿಂತ ಹೆಚ್ಚು ಕೇಳುವುದೂ ಇಲ್ಲ. ಒಂದೇ ರೂಮ್ ಬಿಟ್ಟರೆ ಆ ರೂಮಿನ ₹2,200 ಮಾತ್ರ ಹೋಗುತ್ತದೆ.

ನೀವು ಎಷ್ಟು ಹೊತ್ತಿಗೆ ಬರುತ್ತೀರಿ? ಇದಕ್ಕೆ ಉತ್ತರಿಸಿ ತಿಳಿಸಿ.

ಅಡ್ವಾನ್ಸ್ ಒಂದು ರಾತ್ರಿಯ ಬಾಡಿಗೆಯಷ್ಟೇ ಇರುವುದು ಸುಮ್ನೆ ಅಲ್ಲ. ಕೊನೆ ಗಳಿಗೆಯಲ್ಲಿ ರೂಮ್ ಬಿಟ್ಟರೆ ನನಗೆ ಖಂಡಿತ ಹೋಗುವುದು ಮೊದಲ ರಾತ್ರಿ. ಎರಡನೆಯದು ಶನಿವಾರ ದಾರಿಹೋಕರಿಗೆ ಹೋಗಿಬಿಡುತ್ತದೆ. ರದ್ದಾದಾಗ ಹಿಡಿದುಕೊಳ್ಳುವ ಮೊತ್ತವೂ ಅಡ್ವಾನ್ಸೂ ಒಂದೇ ಆದರೆ ಆಮೇಲೆ ಯಾರ ಹಿಂದೆಯೂ ಅಲೆಯಬೇಕಾಗಿಲ್ಲ.

ಮಳೆಗಾಲದ ಬುಕಿಂಗಿಗೆ ಇನ್ನೊಂದು ಸಾಲು ಸೇರಿಸುತ್ತೇನೆ: ಗುಡ್ಡ ಕುಸಿದು ಆಡಳಿತವೇ ರಸ್ತೆ ಮುಚ್ಚಿದರೆ ಯಾವ ದಿನವಾದರೂ ಪೂರ್ತಿ ವಾಪಸ್. 2018ರ ಆಗಸ್ಟ್ ನೋಡಿದ ಮೇಲೆ ಇದನ್ನು ಬಿಡಲು ಮನಸ್ಸಿಲ್ಲ. ಬರೀ ಜೋರು ಮಳೆ ಅಂದರೆ ಇದು ಅನ್ವಯಿಸುವುದಿಲ್ಲ. ಇಲ್ಲಿ ಜುಲೈ ಅಂದರೇ ಮಳೆ.

ಅಡ್ವಾನ್ಸ್ ಖಾತೆಗೆ ಬರುವ ಮೊದಲು ಈ ಮೇಲ್ ಕಳಿಸುವುದಿಲ್ಲ. ಅಲ್ಲಿಯವರೆಗೆ ‘ಸಂಜೆ 6ರವರೆಗೆ ರೂಮ್ ಹಿಡಿದಿಟ್ಟಿದ್ದೇವೆ’ ಅನ್ನುವ ಎರಡು ಸಾಲು ಸಾಕು. ಅದರಲ್ಲಿ ‘ಖಚಿತ’ ಅನ್ನುವ ಪದ ಇರಬಾರದು.

ಕೊನೆಯ ಪ್ರಶ್ನೆ ಬಸ್ ಹೊತ್ತು ತಿಳಿಯಲಿಕ್ಕೆ ಮಾತ್ರ ಅಲ್ಲ. ಉತ್ತರ ಬಂದರೆ ಮೇಲ್ ಓದಿದ್ದಾರೆ ಅಂತ ಗೊತ್ತಾಗುತ್ತದೆ. ಬರದಿದ್ದರೆ ರದ್ದಿನ ಗಡುವಿನ ಹಿಂದಿನ ದಿನ ನಾನೇ ಫೋನ್ ಮಾಡಿ, ಬರುವ ಹೊತ್ತು ಕೇಳಿ, ಗಡುವಿನ ತಾರೀಖನ್ನು ಬಾಯಲ್ಲೂ ಹೇಳಿಬಿಡುತ್ತೇನೆ.